ಯುಪಿಐ ಕಲೆಕ್ಟ್ ಕೋರಿಕೆ: ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದಲೇ ಏಕೆ ಹೋಗುತ್ತದೆ

ಹಣ ಕೇಳುವ ಕೋರಿಕೆಯನ್ನು ಕಳುಹಿಸಿ, ‘ಹಣ ಪಡೆಯಲು ಪಿನ್ ಒತ್ತಿ’ ಎಂದು ನಂಬಿಸಿ ಹಣ ಲಪಟಾಯಿಸುವ ವಂಚನೆಯೊಂದಿದೆ. ಯುಪಿಐ ವ್ಯವಸ್ಥೆಯಲ್ಲಿ ಒಂದು ಪಾವತಿಯನ್ನು ಎರಡು ಕಡೆಯಿಂದ ಆರಂಭಿಸಬಹುದು. ಹಣ ಕೊಡುವವರು ತಾವೇ ಆ್ಯಪ್ ತೆರೆದು, ಪಡೆಯುವವರ ವಿಳಾಸವನ್ನೂ ಮೊತ್ತವನ್ನೂ ತುಂಬಿ, ಪಿನ್ ಒತ್ತಿ ಕಳುಹಿಸುವುದು ಮೊದಲನೆಯ ಬಗೆ. ಇದನ್ನು ಪೇ ಎನ್ನುತ್ತಾರೆ. ಹಣ ಪಡೆಯಬೇಕಾದವರು ಮೊದಲು ಒಂದು ಕೋರಿಕೆಯನ್ನು ಕಳುಹಿಸಿ, ಅದು ಕೊಡುವವರ ಫೋನಿಗೆ ಬಂದು, ಅವರು ಒಪ್ಪಿ ಪಿನ್ ಒತ್ತಿದ ಮೇಲೆ ಹಣ ಹೋಗುವುದು ಎರಡನೆಯ ಬಗೆ, ಇದು ಕಲೆಕ್ಟ್. ಮೊತ್ತ ಮತ್ತು ವಿಳಾಸವನ್ನು ತುಂಬಿದವರು ಯಾರು ಎಂಬುದಷ್ಟೇ ಇವೆರಡರ ನಡುವಿನ ವ್ಯತ್ಯಾಸ. ಪಿನ್ ಒತ್ತಿದವರ ಖಾತೆಯಿಂದ ಹಣ ಕಡಿತವಾಗುವುದು ಎರಡರಲ್ಲೂ ಒಂದೇ ರೀತಿ.

ಕಲೆಕ್ಟ್ ಕೋರಿಕೆ ಎಂದರೆ, ಬೇರೆಯವರು ತಮ್ಮ ಹೆಸರನ್ನೂ ತಮಗೆ ಬೇಕಾದ ಮೊತ್ತವನ್ನೂ ತಾವೇ ಬರೆದು, ನಿಮ್ಮ ಚೆಕ್‌ಬುಕ್ಕಿನ ಹಾಳೆಯೊಂದನ್ನು ನಿಮ್ಮ ಸಹಿಗಾಗಿ ಮುಂದೆ ಹಿಡಿದಂತೆ. ಅದರ ಮೇಲೆ ಅವರು ಪೆನ್ಸಿಲಿನಲ್ಲಿ ‘ನಿಮಗೆ ಬರುವ ಹಣ’ ಎಂದು ಗೀಚಿದ್ದರೂ ಸಹಿ ಬಿದ್ದ ಮೇಲೆ ಬ್ಯಾಂಕು ನೋಡುವುದು ಚೆಕ್ಕಿನ ಒಕ್ಕಣೆಯನ್ನೇ ಹೊರತು ಪೆನ್ಸಿಲಿನ ಗೀಚನ್ನಲ್ಲ.

ಒಪ್ಪಿಗೆ ಕೊಟ್ಟ ಕ್ಷಣದಲ್ಲಿ ಒಳಗೆ ನಡೆಯುವುದೇನು

ಕೋರಿಕೆ ಕಳುಹಿಸಿದವರ ಆ್ಯಪ್‌ನಿಂದ ಹೊರಟ ಸಂದೇಶವು ಮೊದಲು ಯುಪಿಐಯನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮಕ್ಕೆ, ಅಂದರೆ ಎನ್‌ಪಿಸಿಐಗೆ ಹೋಗುತ್ತದೆ. ಆ ಸಂದೇಶದಲ್ಲಿ ಹಣ ಕೊಡಬೇಕಾದವರು ಯಾರು, ಪಡೆಯಬೇಕಾದವರು ಯಾರು, ಮೊತ್ತ ಎಷ್ಟು ಎಂಬ ಮೂರೂ ಸಂಗತಿಗಳು ಅಷ್ಟರಲ್ಲೇ ನಿಗದಿಯಾಗಿರುತ್ತವೆ. ಕೊಡಬೇಕಾದವರ ಜಾಗದಲ್ಲಿ ನಿಮ್ಮ ಯುಪಿಐ ವಿಳಾಸವಿರುತ್ತದೆ. ನಿಗಮವು ಅದನ್ನು ನಿಮ್ಮ ಆ್ಯಪ್‌ಗೆ ದಾಟಿಸುತ್ತದೆ, ಆಗ ನಿಮ್ಮ ಫೋನಿನಲ್ಲಿ ಕೋರಿಕೆ ಕಾಣಿಸಿಕೊಳ್ಳುತ್ತದೆ. ಈ ಹಂತದವರೆಗೆ ಒಂದು ಪೈಸೆಯೂ ಅಲುಗಾಡಿರುವುದಿಲ್ಲ.

ನೀವು ಒಪ್ಪಿಗೆ ಸೂಚಿಸಿದಾಗ ಪಿನ್ ಕೇಳುವ ಪುಟ ತೆರೆಯುತ್ತದೆ. ಈ ಪುಟ ನಿಮ್ಮ ಆ್ಯಪ್‌ನದಲ್ಲ. ಎಲ್ಲ ಆ್ಯಪ್‌ಗಳೂ ನಿಗಮ ಕೊಟ್ಟ ಒಂದೇ ಪುಟವನ್ನು ಬಳಸುತ್ತವೆ, ಆದ್ದರಿಂದಲೇ ಅದು ಯಾವ ಆ್ಯಪ್‌ನಲ್ಲಿ ತೆರೆದರೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುತ್ತದೆ. ನೀವು ಒತ್ತಿದ 4 ಅಥವಾ 6 ಅಂಕಿಗಳು ಅಲ್ಲಿಯೇ ಗೂಢಲಿಪಿಯಾಗಿ ಮಾರ್ಪಟ್ಟು, ನಿಮ್ಮ ಖಾತೆ ಇರುವ ಬ್ಯಾಂಕಿಗೆ ‘ಇಷ್ಟು ಹಣವನ್ನು ಕಡಿತ ಮಾಡಿ’ ಎಂಬ ಆದೇಶದ ಜೊತೆಯಲ್ಲಿ ತಲುಪುತ್ತವೆ. ಬ್ಯಾಂಕು ಪಿನ್ ಸರಿಯಿದೆಯೇ, ಖಾತೆಯಲ್ಲಿ ಅಷ್ಟು ಹಣವಿದೆಯೇ ಎಂದು ನೋಡಿ ಕಡಿತ ಮಾಡುತ್ತದೆ. ಅದಾದ ಮೇಲೆ ನಿಗಮವು ಇನ್ನೊಂದು ಬದಿಯ ಬ್ಯಾಂಕಿಗೆ ‘ಇಷ್ಟು ಹಣವನ್ನು ಜಮಾ ಮಾಡಿ’ ಎಂಬ ಪ್ರತ್ಯೇಕ ಆದೇಶವನ್ನು ಕಳುಹಿಸುತ್ತದೆ.

ಈ ಕೊನೆಯ ಹಂತವನ್ನು ಗಮನಿಸಬೇಕು. ಜಮಾ ಮಾಡುವ ಬ್ಯಾಂಕಿಗೆ ಯಾರ ಪಿನ್ ಕೂಡ ಹೋಗುವುದಿಲ್ಲ, ಅದು ಕೇಳುವುದೂ ಇಲ್ಲ, ಏಕೆಂದರೆ ಹಣ ಬರುವುದಕ್ಕೆ ಖಾತೆದಾರರ ಅನುಮತಿಯ ಅಗತ್ಯವೇ ಇಲ್ಲ. ಪಿನ್ ಪರಿಶೀಲಿಸುವ ಕೆಲಸ ಇರುವುದು ಕಡಿತ ಮಾಡುವ ಬ್ಯಾಂಕಿಗೆ ಮಾತ್ರ. ಹೀಗಾಗಿ ‘ಹಣ ಪಡೆಯಲು ಪಿನ್ ಒತ್ತಿ’ ಎಂಬ ಮಾತಿಗೆ ಈ ವ್ಯವಸ್ಥೆಯ ಒಳಗೆ ಜಾಗವೇ ಇಲ್ಲ. ಅದನ್ನು ನಡೆಸಿಕೊಡುವ ಸಂದೇಶವನ್ನು ಯುಪಿಐಯಲ್ಲಿ ಯಾರೂ ರೂಪಿಸಿಲ್ಲ.

‘ಪಿನ್ ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆ ಬ್ಯಾಂಕುಗಳ ಗೋಡೆಗಳ ಮೇಲೆ, ಎಸ್‌ಎಂಎಸ್‌ಗಳಲ್ಲಿ ಎಲ್ಲೆಲ್ಲೂ ಇದೆ. ನನ್ನ ಅಭಿಪ್ರಾಯದಲ್ಲಿ ಈ ವಂಚನೆಯ ಮಟ್ಟಿಗೆ ಅದು ಅರ್ಧ ಎಚ್ಚರಿಕೆ. ಕಲೆಕ್ಟ್ ಕೋರಿಕೆಯಲ್ಲಿ ಹಣ ಕಳೆದುಕೊಳ್ಳುವವರು ಪಿನ್ ಅನ್ನು ಯಾರಿಗೂ ಹೇಳಿರುವುದಿಲ್ಲ. ತಮ್ಮದೇ ಫೋನಿನಲ್ಲಿ, ತಮ್ಮದೇ ಆ್ಯಪ್‌ನಲ್ಲಿ, ಯಾರಿಗೂ ಕಾಣದಂತೆ ಒತ್ತಿರುತ್ತಾರೆ ಮತ್ತು ತಾವು ನಿಯಮ ಪಾಲಿಸಿದ್ದೇವೆ ಎಂದೇ ನಂಬಿರುತ್ತಾರೆ.

2025ರ ಅಕ್ಟೋಬರ್ 1ರ ನಂತರ ಬದಲಾದದ್ದು, ಬದಲಾಗದಿರುವುದು

ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಲೆಕ್ಟ್ ಕೋರಿಕೆ ಕಳುಹಿಸುವ ಸೌಲಭ್ಯಕ್ಕೆ ಮೊದಲು 2,000 ರೂಪಾಯಿಯ ಮಿತಿಯಿತ್ತು. ವಂಚನೆಗೆ ಅದೇ ದಾರಿಯಾಗುತ್ತಿದ್ದುದರಿಂದ, 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕೋರಿಕೆ ಕಳುಹಿಸುವುದನ್ನೇ ನಿಲ್ಲಿಸಬೇಕೆಂದು ನಿಗಮವು ಎಲ್ಲ ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಸುತ್ತೋಲೆ ಹೊರಡಿಸಿತು. ಒಳ್ಳೆಯ ಕ್ರಮವೇ. ಆದರೆ ವ್ಯಾಪಾರಿಗಳಾಗಿ ನೋಂದಾಯಿಸಿಕೊಂಡ ಖಾತೆಗಳು ಗ್ರಾಹಕರಿಗೆ ಕೋರಿಕೆ ಕಳುಹಿಸುವುದನ್ನು ಆ ಸುತ್ತೋಲೆ ತಡೆಯಲಿಲ್ಲ, ಏಕೆಂದರೆ ಅಂತರ್ಜಾಲದ ಅಂಗಡಿಗಳಲ್ಲಿ ಮತ್ತು ಟಿಕೆಟ್ ಕಾಯ್ದಿರಿಸುವ ತಾಣಗಳಲ್ಲಿ ಅದು ನ್ಯಾಯವಾಗಿಯೇ ಬಳಕೆಯಲ್ಲಿತ್ತು. ಇದಲ್ಲದೆ ಮುಂದಿನ ಕಡಿತಗಳಿಗೂ ಒಮ್ಮೆಲೇ ಒಪ್ಪಿಗೆ ಕೇಳುವ ಆಟೋಪೇ ಕೋರಿಕೆ, ಕ್ಯೂಆರ್ ಕೋಡ್, ಮೊತ್ತ ತುಂಬಿಟ್ಟ ಲಿಂಕ್ ಇವೂ ಉಳಿದಿವೆ. ವೇಷ ಬೇರೆಯಾದರೂ ಪಿನ್ ಮಾಡುವ ಕೆಲಸ ಇವೆಲ್ಲದರಲ್ಲಿ ಒಂದೇ ಆಗಿರುವುದರಿಂದ, ಮೂಲ ಕೋರಿಕೆಯನ್ನು ಅರ್ಥಮಾಡಿಕೊಂಡವರಿಗೆ ಉಳಿದವು ಕಷ್ಟವಾಗುವುದಿಲ್ಲ.

ಒಂದು ಉದಾಹರಣೆಯನ್ನು ಲೆಕ್ಕದ ಸಮೇತ ನೋಡೋಣ

ಧಾರವಾಡದಲ್ಲಿ ಒಬ್ಬರು ತಮ್ಮ ಹಳೆಯ ವಾಷಿಂಗ್ ಮಷೀನನ್ನು 9,000 ರೂಪಾಯಿಗೆ ಮಾರುವುದಾಗಿ ಅಂತರ್ಜಾಲದಲ್ಲಿ ಜಾಹೀರಾತು ಹಾಕಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಖಾತೆಯಲ್ಲಿ 12,400 ರೂಪಾಯಿ ಇದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಕರೆ ಬರುತ್ತದೆ. ಮಾತನಾಡುವವನು ತಾನು ಸೈನ್ಯದಲ್ಲಿರುವುದಾಗಿ, ಇತ್ತೀಚೆಗಷ್ಟೇ ವರ್ಗವಾಗಿ ಈ ಕಡೆ ಬಂದಿರುವುದಾಗಿ ಹೇಳುತ್ತಾನೆ. ವಸ್ತುವನ್ನು ನೋಡಲು ಕೇಳುವುದಿಲ್ಲ, ಬೆಲೆಯಲ್ಲಿ ಚೌಕಾಸಿಯನ್ನೂ ಮಾಡುವುದಿಲ್ಲ. ಹಳೆಯ ಸಾಮಾನು ಮಾರಿದ ಅನುಭವವಿರುವವರಿಗೆ ಇಷ್ಟೇ ಸಾಕು, ಏನೋ ಎಡವಟ್ಟಿದೆ ಎಂದು ತಿಳಿಯಲು.

“ಸರ್, ಖಾತೆ ಸರಿಯಿದೆಯಾ ನೋಡೋಕೆ ಮೊದಲು ಒಂದು ರೂಪಾಯಿ ಹಾಕ್ತೀನಿ” ಎಂದು ಅವನು ಒಂದು ರೂಪಾಯಿಯನ್ನು ನಿಜವಾಗಿಯೂ ಕಳುಹಿಸುತ್ತಾನೆ. ಅದು ತಾನಾಗಿಯೇ ಜಮಾ ಆಗುತ್ತದೆ, ಪಿನ್ ಬೇಕಾಗುವುದಿಲ್ಲ. ಖಾತೆಯಲ್ಲಿ ಈಗ 12,401. ವಿಚಿತ್ರವೆಂದರೆ, ಹಣ ಬರಲು ಪಿನ್ ಬೇಡ ಎಂಬುದಕ್ಕೆ ಪುರಾವೆಯನ್ನು ವಂಚಕನೇ ಕೊಟ್ಟಿರುತ್ತಾನೆ, ಆದರೆ ಮಾರುವವರ ಗಮನ ‘ಹಣ ಬಂತು, ಮನುಷ್ಯ ನಂಬಿಕಸ್ಥ’ ಎಂಬ ಕಡೆಗೆ ಹೋಗಿರುತ್ತದೆ.

ಮುಂದಿನ ನಿಮಿಷದಲ್ಲಿ ಫೋನಿಗೆ 9,000 ರೂಪಾಯಿಯ ಕೋರಿಕೆ ಬರುತ್ತದೆ. ಅದರ ಷರಾದಲ್ಲಿ ‘ವಾಷಿಂಗ್ ಮಷೀನ್ ಹಣ ಸ್ವೀಕರಿಸಿ’ ಎಂದಿದೆ. ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾವುದೋ ಎಂಟರ್‌ಪ್ರೈಸಸ್ ಎಂದಿದೆ. “ಬೇಗ ಪಿನ್ ಹಾಕಿ ಸರ್, ಇಲ್ಲಾಂದ್ರೆ ನನ್ನ ದುಡ್ಡು ಮಧ್ಯದಲ್ಲೇ ಸಿಕ್ಕಿಬೀಳುತ್ತೆ” ಎಂದು ಅವನು ಕರೆಯಲ್ಲೇ ಇದ್ದು ಅವಸರಪಡಿಸುತ್ತಾನೆ. ಪಿನ್ ಬೀಳುತ್ತದೆ, ಖಾತೆ 3,401ಕ್ಕೆ ಇಳಿಯುತ್ತದೆ.

ಇಲ್ಲಿಗೆ ಮುಗಿಯುವುದಿಲ್ಲ. ಮಾರುವವರು ಗಾಬರಿಯಿಂದ ಕೇಳಿದರೆ, “ಅಯ್ಯೋ, ಉಲ್ಟಾ ಆಗಿಬಿಡ್ತು ಸರ್. ಇನ್ನೊಂದು ಕಳಿಸ್ತೀನಿ, ಅದಕ್ಕೆ ಒಪ್ಪಿಗೆ ಕೊಟ್ರೆ ಎರಡೂ ಸೇರಿ ವಾಪಸ್ ಬರುತ್ತೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಎರಡನೆಯ ಕೋರಿಕೆ ಮತ್ತೆ 9,000ಕ್ಕೆ ಬಂದರೆ ಖಾತೆಯಲ್ಲಿ ಅಷ್ಟು ಹಣವಿಲ್ಲದ ಕಾರಣ ಅದು ವಿಫಲವಾಗುತ್ತದೆ. ಆಗ “ನಿಮ್ಮ ಖಾತೆಯಲ್ಲಿ ಈಗ ಎಷ್ಟಿದೆ?” ಎಂದು ಕೇಳಿ, ಉತ್ತರಕ್ಕೆ ತಕ್ಕಂತೆ 3,000ದ ಕೋರಿಕೆ ಕಳುಹಿಸುತ್ತಾನೆ. ಅದಕ್ಕೂ ಒಪ್ಪಿಗೆ ಬಿದ್ದರೆ ಉಳಿಯುವುದು 401 ರೂಪಾಯಿ. ಬರಬೇಕಾದ ಹಣಕ್ಕೆ, ಪಡೆಯುವವರ ಖಾತೆಯಲ್ಲಿ ಈಗಾಗಲೇ ಎಷ್ಟಿದೆ ಎಂಬುದರಿಂದ ಏನಾಗಬೇಕು? ಆ ಪ್ರಶ್ನೆ ಕೇಳಿದ ಕ್ಷಣವೇ ಕರೆಯನ್ನು ಕಡಿಯಬೇಕಾದ ಕ್ಷಣ.

ಕೋರಿಕೆ ಬಂದಾಗ ಪರದೆಯ ಮೇಲೆ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು

ಮೊದಲನೆಯದಾಗಿ, ಕರೆಯಲ್ಲಿದ್ದರೆ ಕರೆಯನ್ನು ಮುಗಿಸಬೇಕು. ಕೋರಿಕೆಗೆ ಉತ್ತರಿಸಲು ಅದರಲ್ಲೇ ನಿಗದಿಯಾದ ಒಂದು ಅವಧಿಯಿರುತ್ತದೆ, ಅದು ಮುಗಿದರೆ ಕೋರಿಕೆ ತಾನಾಗಿ ರದ್ದಾಗುತ್ತದೆ. ರದ್ದಾದರೆ ನಿಮಗಾಗಲಿ ನಿಮ್ಮ ಖಾತೆಗಾಗಲಿ ಯಾವ ನಷ್ಟವೂ ಇಲ್ಲ, ದಂಡವೂ ಇಲ್ಲ. ಎದುರಿನವರ ಹಣ ‘ಮಧ್ಯದಲ್ಲಿ ಸಿಕ್ಕಿಬೀಳುವ’ ಪ್ರಶ್ನೆಯೂ ಇಲ್ಲ, ಏಕೆಂದರೆ ಕೋರಿಕೆ ಕಳುಹಿಸಿದವರ ಖಾತೆಯಿಂದ ಹಣ ಹೊರಟೇ ಇರುವುದಿಲ್ಲ.

ಎರಡನೆಯದಾಗಿ, ಪರದೆಯಲ್ಲಿರುವ ಗುಂಡಿಗಳನ್ನು ನೋಡಬೇಕು. ಕೋರಿಕೆಯ ಜೊತೆ ಬರುವುದು ಸಾಮಾನ್ಯವಾಗಿ ಪೇ ಮತ್ತು ಡಿಕ್ಲೈನ್ ಎಂಬ ಎರಡು ಗುಂಡಿಗಳು. ಕೆಲವು ಆ್ಯಪ್‌ಗಳು ಕನ್ನಡದಲ್ಲಿ ಪಾವತಿಸಿ, ತಿರಸ್ಕರಿಸಿ ಎಂದು ತೋರಿಸುತ್ತವೆ. ‘ಸ್ವೀಕರಿಸಿ’ ಎಂಬ ಅರ್ಥದ ಮಾತೇನಾದರೂ ಕಂಡರೆ ಅದು ಗುಂಡಿಯ ಮೇಲಲ್ಲ, ಷರಾದಲ್ಲಿರುತ್ತದೆ. ಷರಾ ಎಂಬುದು ಕೋರಿಕೆ ಕಳುಹಿಸಿದವರು ತಮಗೆ ತೋಚಿದ್ದನ್ನು ಬರೆಯಬಹುದಾದ ಖಾಲಿ ಜಾಗ; ಅಲ್ಲಿ ಬರೆದದ್ದನ್ನು ಬ್ಯಾಂಕು ಪರಿಶೀಲಿಸುವುದಿಲ್ಲ, ಅದರಿಂದ ಹಣದ ದಿಕ್ಕು ಬದಲಾಗುವುದೂ ಇಲ್ಲ. ಷರಾವನ್ನು ಓದದೆ ಬಿಟ್ಟುಬಿಡುವುದೇ ಕ್ಷೇಮ.

ಮೂರನೆಯದಾಗಿ, ಹೆಸರನ್ನು ನೋಡಬೇಕು. 2025ರ ಜೂನ್ 30ರ ಹೊತ್ತಿಗೆ ಜಾರಿಯಾಗಬೇಕೆಂದು ನಿಗಮ ಹೊರಡಿಸಿದ ನಿಯಮದಂತೆ, ಪಾವತಿಗೆ ಮುನ್ನ ಆ್ಯಪ್‌ಗಳು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು. ನಿಮ್ಮ ಜೊತೆ ಮಾತನಾಡಿದವನು ಹೇಳಿದ ಹೆಸರು ಒಂದು, ಪರದೆಯಲ್ಲಿರುವುದು ಇನ್ನೊಂದು ಆಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಹೆಸರು ಹೊಂದಿಕೊಂಡರೂ ಹಣದ ದಿಕ್ಕು ಬದಲಾಗುವುದಿಲ್ಲ ಎಂಬುದು ನೆನಪಿರಲಿ. ಹೆಸರು ಹೇಳುವುದು ಹಣ ಯಾರಿಗೆ ಹೋಗುತ್ತದೆ ಎಂಬುದನ್ನಷ್ಟೇ.

ನಾಲ್ಕನೆಯದಾಗಿ, ಪಿನ್ ಪುಟ ತೆರೆದೇ ಬಿಟ್ಟಿದ್ದರೆ ಅಂಕಿ ಒತ್ತುವ ಮೊದಲು ಪುಟದ ಮೇಲ್ಭಾಗವನ್ನು ಓದಬೇಕು. ಅಲ್ಲಿ ನಿಮ್ಮ ಬ್ಯಾಂಕಿನ ಹೆಸರು, ಹಣ ಯಾರಿಗೆ, ಎಷ್ಟು ಎಂಬುದು ಇರುತ್ತದೆ. ಅಭ್ಯಾಸಬಲದಿಂದ ನಾವು ನೇರವಾಗಿ ಅಂಕಿಗಳ ಮೇಲೆ ಬೆರಳಿಡುವುದರಿಂದ ಮೇಲಿನ ಸಾಲುಗಳು ಕಣ್ಣಿಗೆ ಬೀಳುವುದೇ ಇಲ್ಲ. ಈ ಪುಟದಿಂದಲೂ ಹಿಂದಕ್ಕೆ ಹೋಗಬಹುದು. ಪಿನ್ ಪೂರ್ತಿ ಒತ್ತಿ ಸಲ್ಲಿಸುವವರೆಗೆ ಏನೂ ಆಗಿರುವುದಿಲ್ಲ.

ಐದನೆಯದಾಗಿ, ಕೋರಿಕೆಯನ್ನು ತಿರಸ್ಕರಿಸಿ, ಕಳುಹಿಸಿದವರನ್ನು ಆ್ಯಪ್‌ನಲ್ಲೇ ಬ್ಲಾಕ್ ಮಾಡಬೇಕು, ವಂಚನೆ ಎಂದು ವರದಿ ಮಾಡುವ ಆಯ್ಕೆಯಿದ್ದರೆ ಅದನ್ನೂ ಬಳಸಬೇಕು. ಅಪರಿಚಿತರಿಗೆ ನಿಮ್ಮ ಯುಪಿಐ ವಿಳಾಸ ಹೇಗೆ ಸಿಕ್ಕಿತು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಹಳ ಜನರ ವಿಳಾಸದ ಮೊದಲ ಭಾಗ ಮೊಬೈಲ್ ಸಂಖ್ಯೆಯೇ ಆಗಿರುವುದರಿಂದ ಜಾಹೀರಾತಿನಲ್ಲಿರುವ ಸಂಖ್ಯೆಯಿಂದಲೇ ಅದನ್ನು ಊಹಿಸಬಹುದು. ವಿಳಾಸ ತಿಳಿದ ಮಾತ್ರಕ್ಕೆ ಯಾರೂ ಹಣ ತೆಗೆಯಲಾರರು.

ಕ್ಯೂಆರ್ ಕೋಡ್ ಮತ್ತು ಲಿಂಕ್‌ನಲ್ಲಿ ಅಡಗಿರುವುದೇನು

‘ಈ ಕೋಡ್ ಸ್ಕ್ಯಾನ್ ಮಾಡಿ, ಹಣ ನಿಮಗೆ ಬರುತ್ತದೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಬಂದರೆ, ಆ ಚಿತ್ರದೊಳಗಿನ ಪಠ್ಯ ಸಾಮಾನ್ಯವಾಗಿ ಈ ರೂಪದಲ್ಲಿರುತ್ತದೆ:

```
upi://pay?pa=abcd@bank&pn=ABCD&am=9000&cu=INR&tn=Receive
```

ಇದರಲ್ಲಿ `pa` ಎಂಬುದು ಹಣ ಪಡೆಯುವವರ ವಿಳಾಸ, `pn` ಅವರ ಹೆಸರು, `am` ಮೊತ್ತ, `cu` ಹಣದ ಬಗೆ, `tn` ಷರಾ. ಕೊಡುವವರ ವಿಳಾಸಕ್ಕೆ ಇಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಿ, ಏಕೆಂದರೆ ಸ್ಕ್ಯಾನ್ ಮಾಡಿದವರೇ ಕೊಡುವವರು. ಆರಂಭದಲ್ಲಿರುವ `pay` ಎಂಬುದು ಸ್ಕ್ಯಾನ್ ಮಾಡಿದವರಿಗೆ ಕೊಟ್ಟ ಆಜ್ಞೆ. ಕೊನೆಯಲ್ಲಿರುವ `Receive` ವಂಚಕ ಷರಾದಲ್ಲಿ ತುಂಬಿದ ಅಲಂಕಾರ. ಲಿಂಕ್ ಒತ್ತಿದಾಗಲೂ ಇದೇ ಸಾಲು ನಿಮ್ಮ ಆ್ಯಪ್‌ಗೆ ಹೋಗಿ, ಎಲ್ಲವೂ ತುಂಬಿದ ಪಾವತಿ ಪುಟ ತೆರೆಯುತ್ತದೆ. ಹಣ ಪಡೆಯಬೇಕಾದವರು ಮಾಡಬೇಕಾದದ್ದು ತಮ್ಮ ಕ್ಯೂಆರ್ ತೋರಿಸುವುದು ಅಥವಾ ಯುಪಿಐ ವಿಳಾಸ ಹೇಳುವುದು, ಅಷ್ಟೇ.

ಆಟೋಪೇ ಕೋರಿಕೆ ಇನ್ನೂ ಒಂದು ಹೆಜ್ಜೆ ಮುಂದಿನದು. ಅದಕ್ಕೆ ಒಮ್ಮೆ ಪಿನ್ ಒತ್ತಿದರೆ, ನಿಗದಿಯಾದ ಮಿತಿಯೊಳಗೆ ಮುಂದಿನ ಕಡಿತಗಳು ಮತ್ತೆ ಪಿನ್ ಕೇಳದೆಯೂ ಆಗಬಹುದು. ಅಂಥದ್ದಕ್ಕೆ ಒಪ್ಪಿಗೆ ಕೊಟ್ಟಿರುವ ಸಂಶಯವಿದ್ದರೆ ಆ್ಯಪ್‌ನ ಆಟೋಪೇ ಅಥವಾ ಮ್ಯಾಂಡೇಟ್ ಎಂಬ ವಿಭಾಗಕ್ಕೆ ಹೋಗಿ ಪಟ್ಟಿಯನ್ನು ನೋಡಿ, ಬೇಡದ್ದನ್ನು ರದ್ದು ಮಾಡಬೇಕು.

ಬ್ಯಾಲೆನ್ಸ್ ನೋಡಲು ಪಿನ್ ಒತ್ತಿದರೆ ಅಪಾಯವೇ?

ಖಾತೆಗೆ ಸಣ್ಣ ಮೊತ್ತ ಹಾಕಿ, ಅದರ ಬೆನ್ನಿಗೆ ಕೋರಿಕೆಯನ್ನೂ ಕಳುಹಿಸಿ, ನೀವು ಬ್ಯಾಲೆನ್ಸ್ ನೋಡಲು ಪಿನ್ ಒತ್ತಿದೊಡನೆ ಆ ಕೋರಿಕೆ ಪಾಸಾಗುತ್ತದೆ ಎಂಬ ಸಂದೇಶವೊಂದು ಕುಟುಂಬದ ಗುಂಪುಗಳಲ್ಲಿ ತುಂಬ ಓಡಾಡಿದೆ. ಯುಪಿಐ ಹಾಗೆ ಕೆಲಸ ಮಾಡುವುದಿಲ್ಲ ಎಂದು ನಿಗಮವೂ ಸ್ಪಷ್ಟಪಡಿಸಿದೆ. ಪ್ರತಿ ಪಿನ್ ಪುಟವೂ ಒಂದೇ ಕೆಲಸಕ್ಕೆ ಕಟ್ಟಿಹಾಕಿದ್ದು. ಬ್ಯಾಲೆನ್ಸ್‌ಗೆಂದು ತೆರೆದ ಪುಟದಲ್ಲಿ ಒತ್ತಿದ ಪಿನ್ ಬ್ಯಾಲೆನ್ಸ್ ತೋರಿಸಲು ಮಾತ್ರ ಸಲ್ಲುತ್ತದೆ. ಆದರೆ ಫೋನಿನ ಮೇಲಂಚಿನಲ್ಲಿ ಬಂದ ಸೂಚನೆಯನ್ನು ಒತ್ತಿದಾಗ ತೆರೆಯುವುದು ಬ್ಯಾಲೆನ್ಸ್ ಪುಟವಲ್ಲದೆ ಕೋರಿಕೆಯ ಪುಟವೇ ಆಗಿರಬಹುದು. ಆದ್ದರಿಂದ ಬ್ಯಾಲೆನ್ಸ್ ನೋಡಬೇಕೆನಿಸಿದಾಗ ಸೂಚನೆಯ ಮೂಲಕ ಹೋಗದೆ ಆ್ಯಪ್ ತೆರೆದು, ಆ ಆಯ್ಕೆಯನ್ನು ಕೈಯಾರೆ ಹುಡುಕಿ ಒತ್ತುವುದು ಒಳಿತು.

ಒಪ್ಪಿಗೆ ಕೊಡಬಹುದಾದ ಕೋರಿಕೆ ಯಾವುದು

ನೀವೇ ಒಂದು ತಾಣದಲ್ಲಿ ವಸ್ತುವನ್ನೋ ಟಿಕೆಟನ್ನೋ ಆರಿಸಿ, ಪಾವತಿಯ ಪುಟದಲ್ಲಿ ನಿಮ್ಮ ಯುಪಿಐ ವಿಳಾಸವನ್ನು ಬರೆದಿದ್ದರೆ, ಅದರ ಬೆನ್ನಿಗೇ ಅದೇ ಮೊತ್ತಕ್ಕೆ, ಅದೇ ತಾಣದ ಹೆಸರಿನಲ್ಲಿ ಬರುವ ಕೋರಿಕೆ ಸಹಜವಾದದ್ದು. ಷೇರು ವಿತರಣೆಗೆ ಅರ್ಜಿ ಹಾಕಿದಾಗ ಹಣವನ್ನು ಕಾದಿರಿಸಲು ಬರುವ ಕೋರಿಕೆಯೂ ಹಾಗೆಯೇ. ಎರಡರಲ್ಲೂ ನೀವು ಹಣ ಕೊಡಲೆಂದೇ ಹೊರಟಿರುತ್ತೀರಿ. ಬಹುಮಾನ, ಕ್ಯಾಶ್‌ಬ್ಯಾಕ್, ಮರುಪಾವತಿ, ಮುಂಗಡ, ಸರ್ಕಾರಿ ಯೋಜನೆಯ ಹಣ ಎಂಬ ಯಾವುದೇ ಕಾರಣ ಹೇಳಿ ಬಂದ ಕೋರಿಕೆ ಈ ಗುಂಪಿಗೆ ಸೇರುವುದಿಲ್ಲ. ಅಂಗಡಿಯಿಂದ ನಿಜವಾದ ಮರುಪಾವತಿ ಬರುವಾಗ ಅದು ನೀವು ಹಣ ಕೊಟ್ಟ ಖಾತೆಗೆ ತಾನಾಗಿ ಜಮಾ ಆಗುತ್ತದೆ.

ಒಪ್ಪಿಗೆ ಬಿದ್ದು ಹಣ ಹೋಗಿದ್ದರೆ

ಪಿನ್ ಸಲ್ಲಿಸಿದ ಯುಪಿಐ ಪಾವತಿಯನ್ನು ನೀವು ತಡೆಯುವಂತಿಲ್ಲ, ಹಿಂದಕ್ಕೆ ಪಡೆಯುವ ಗುಂಡಿಯೂ ಇಲ್ಲ. ಉಳಿಯುವ ದಾರಿ, ಹಣ ವಂಚಕರ ಖಾತೆಯಿಂದ ಮುಂದಕ್ಕೆ ಜಾರುವ ಮೊದಲು ಅಲ್ಲಿಯೇ ತಡೆಹಿಡಿಸುವುದು. ಅದಕ್ಕಾಗಿ ತಕ್ಷಣ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕರೆಗೆ ಮುನ್ನ ಆ್ಯಪ್‌ನ ವ್ಯವಹಾರದ ವಿವರ ತೆರೆದು ಆ ಪಾವತಿಯನ್ನು ಗುರುತಿಸುವ 12 ಅಂಕಿಗಳ ಯುಟಿಆರ್ ಸಂಖ್ಯೆ, ದಿನಾಂಕ ಮತ್ತು ಸಮಯ, ಮೊತ್ತ, ಪಡೆದವರ ಯುಪಿಐ ವಿಳಾಸ, ನಿಮ್ಮ ಖಾತೆಯ ಸಂಖ್ಯೆ ಇಷ್ಟನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಎರಡು ಪಾವತಿಗಳು ಹೋಗಿದ್ದರೆ ಎರಡಕ್ಕೂ ಬೇರೆ ಬೇರೆ ಯುಟಿಆರ್ ಇರುತ್ತದೆ, ಎರಡನ್ನೂ ಕೊಡಬೇಕು. ದೂರು ದಾಖಲಾದರೆ ಆ ವಿವರ ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗಿ, ಹಣ ಇನ್ನೂ ಅಲ್ಲಿದ್ದಷ್ಟನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ನಂತರ cybercrime.gov.in ತಾಣದಲ್ಲಿ ಅದೇ ದೂರನ್ನು ಚಿತ್ರಗಳ ಸಮೇತ ಪೂರ್ಣಗೊಳಿಸಬೇಕು. ಕರ್ನಾಟಕದಲ್ಲಾದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಕೋರಿಕೆ, ಷರಾ, ಚಾಟ್, ಕರೆಯ ಪಟ್ಟಿ ಇವುಗಳ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಮಾತ್ರ ಆ ಸಂಖ್ಯೆಯನ್ನು ಬ್ಲಾಕ್ ಮಾಡಿ.

ಬ್ಯಾಂಕಿಗೂ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. ಇಲ್ಲಿ ನಿರೀಕ್ಷೆ ಎಷ್ಟಿರಬೇಕೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಗ್ರಾಹಕರಿಗೆ ಗೊತ್ತಿಲ್ಲದೆ ನಡೆದ ಕಡಿತವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವರ ಮೇಲೆ ಹೊಣೆಯಿಲ್ಲ ಎಂಬ ರಕ್ಷಣೆಯನ್ನು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಕೊಟ್ಟಿತು. ಆದರೆ ಕಲೆಕ್ಟ್ ಕೋರಿಕೆಗೆ ಖಾತೆದಾರರೇ ಪಿನ್ ಒತ್ತಿರುವುದರಿಂದ, ಅದು ಅವರ ಒಪ್ಪಿಗೆಯಿಂದಲೇ ನಡೆದ ಪಾವತಿ ಎಂದು ಬ್ಯಾಂಕುಗಳು ವಾದಿಸುತ್ತವೆ. ಹೀಗಾಗಿ ಬ್ಯಾಂಕು ತನ್ನ ಕೈಯಿಂದ ಹಣ ತುಂಬಿಕೊಡುವ ಸಂಭವ ಕಡಿಮೆ. 1930ರ ಮೂಲಕ ತಡೆಹಿಡಿಸಿದ ಹಣವೇ ವಾಪಸ್ ಬರುವ ಹೆಚ್ಚಿನ ಸಂಭವವಿರುವ ಹಣ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.

ದೂರು ಕೊಟ್ಟ ಮೇಲಿನ ದಿನಗಳಲ್ಲಿ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ’ ಎಂದು ಯಾರಾದರೂ ಕರೆ ಮಾಡಿ, ಅದನ್ನು ಪಡೆಯಲು ಒಂದು ಕೋರಿಕೆಗೆ ಒಪ್ಪಿಗೆ ಕೊಡಲು ಹೇಳಿದರೆ, ಅದು ಮೂರನೆಯ ಕಡಿತದ ಪ್ರಯತ್ನ. ಆ ಸಂಖ್ಯೆಯನ್ನೂ ಅದೇ ದೂರಿಗೆ ಸೇರಿಸಿ.